ದಿನದಿಂದ ಪಾಯಿಂಟಿಗೆ, ಪಾಯಿಂಟಿನಿಂದ ಮತ್ತೆ ದಿನಕ್ಕೆ

ಈ ಕೆಲಸಕ್ಕೆ ಎಷ್ಟು ದಿನ ಬೇಕು ಎಂದು ಸಾಫ್ಟ್‌ವೇರ್ ಬರೆಯುವವರನ್ನು ಕೇಳಿ. ಮೂರು ದಿನ ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಯಾರೂ ಕರೆಯದ, ಮೀಟಿಂಗ್ ಇಲ್ಲದ, ಹಳೆಯ ದೋಷವೊಂದು ನಡುವೆ ಎದ್ದು ಕೂರದ ಮೂರು ದಿನ. ಕೇಳಿದವರು ಬರೆದುಕೊಳ್ಳುವುದು ಸೋಮವಾರ, ಮಂಗಳವಾರ, ಬುಧವಾರ. ಇಂದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ನಿತ್ಯ ಕೇಳಿಬರುವ ಸ್ಟೋರಿ ಪಾಯಿಂಟ್, ವೆಲಾಸಿಟಿ ಎಂಬ ಮಾತುಗಳು ಹುಟ್ಟಿದ್ದು ಈ ಎರಡು ಬಗೆಯ ದಿನಗಳ ನಡುವಿನ ತಿಕ್ಕಾಟದಿಂದ.

ತಿಕ್ಕಾಟ ಬಯಲಾದದ್ದು ಅಮೆರಿಕದ ಕಾರು ಕಂಪನಿ ಕ್ರೈಸ್ಲರ್‌ನಲ್ಲಿ. 1990ರ ದಶಕದ ನಡುವೆ ಅಲ್ಲಿ ಸಂಬಳ ಲೆಕ್ಕ ಹಾಕುವ ಹೊಸ ವ್ಯವಸ್ಥೆಯೊಂದನ್ನು ಕಟ್ಟುತ್ತಿದ್ದರು. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಪದ್ಧತಿ ರೂಪುಗೊಂಡದ್ದು ಅಲ್ಲೇ. ಕೆಂಟ್ ಬೆಕ್ ಅದನ್ನು ಮುನ್ನಡೆಸಿದರು, ರಾನ್ ಜೆಫ್ರೀಸ್ ಟೀಮಿಗೆ ಕೋಚ್ ಆಗಿದ್ದರು. ಬಳಕೆದಾರನಿಗೆ ಬೇಕಾದ ಒಂದೊಂದು ಸಂಗತಿಯನ್ನೂ ಒಂದು ಚಿಕ್ಕ ಕಾರ್ಡಿನಲ್ಲಿ ಬರೆದು ಅದನ್ನು ‘ಸ್ಟೋರಿ’ ಎನ್ನುತ್ತಿದ್ದರು. ಅದಕ್ಕೆ ಅಡೆತಡೆಯಿಲ್ಲದ ‘ಆದರ್ಶ ದಿನ’ ಎಷ್ಟು ಎಂದು ಅಂದಾಜು ಹಾಕಿ, ಮೂರರಷ್ಟು ಮಾಡಿ ನಿಜವಾದ ದಿನ ಹೇಳುತ್ತಿದ್ದರು. ಲೆಕ್ಕ ಚೆನ್ನಾಗಿಯೇ ಹೊಂದುತ್ತಿತ್ತು. ಆದರೆ ಒಂದು ದಿನದ ಕೆಲಸಕ್ಕೆ ಮೂರು ದಿನ ಯಾಕೆ ಎಂಬ ಪ್ರಶ್ನೆ ಮೇಲಿನವರಿಂದ ಮತ್ತೆ ಮತ್ತೆ ಬರುತ್ತಿತ್ತು. ಆಗ ‘ದಿನ’ ಎಂಬ ಮಾತನ್ನೇ ಬಿಟ್ಟು ‘ಪಾಯಿಂಟ್’ ಎನ್ನತೊಡಗಿದರೆಂದು ಜೆಫ್ರೀಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಅಂದರೆ ಸ್ಟೋರಿ ಪಾಯಿಂಟ್ ಮೊದಲಿಗೆ ಅಳತೆಯ ಹೊಸ ಸಿದ್ಧಾಂತವೇನೂ ಆಗಿರಲಿಲ್ಲ. ಜಗಳ ತಪ್ಪಿಸಲು ಬದಲಿಸಿದ ಹೆಸರು, ಅಷ್ಟೆ.

ಹೆಸರು ಬದಲಾದದ್ದರಿಂದ ಒಂದು ಒಳ್ಳೆಯದಾಯಿತು. ದಿನ ಎಂದಾಗ ಯಾರ ದಿನ ಎಂಬ ಪ್ರಶ್ನೆ ಏಳುತ್ತದೆ. ಹತ್ತು ವರ್ಷದ ಅನುಭವಿಯ ದಿನವೂ ನಿನ್ನೆ ಸೇರಿದವರ ದಿನವೂ ಒಂದೇ ಅಲ್ಲ. ಪಾಯಿಂಟ್ ಎಂದಾಗ ಹೋಲಿಸಿದರೆ ಸಾಕು. ಎಲ್ಲರಿಗೂ ಗೊತ್ತಿರುವ, ಮುಗಿದಿರುವ ಒಂದು ಸ್ಟೋರಿಗೆ 3 ಎಂದು ಗೊತ್ತುಮಾಡಿ, ಹೊಸದು ಅದಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ಕೇಳಬಹುದು. ಗುಡ್ಡದ ಎತ್ತರ ಎಷ್ಟು ಅಡಿ ಎಂದು ಹೇಳಲಾಗದವರೂ ಎರಡು ಗುಡ್ಡಗಳಲ್ಲಿ ಯಾವುದು ಎತ್ತರ ಎಂದು ಹೇಳಬಲ್ಲರು.

ಪಾಯಿಂಟನ್ನು ಮತ್ತೆ ಕಾಲಕ್ಕೆ ಜೋಡಿಸುವುದು ವೆಲಾಸಿಟಿ. ಒಂದು ಸ್ಪ್ರಿಂಟಿನಲ್ಲಿ, ಅಂದರೆ ಸಾಮಾನ್ಯವಾಗಿ ಎರಡು ವಾರದಲ್ಲಿ, ಪೂರ್ತಿ ಮುಗಿದ ಸ್ಟೋರಿಗಳ ಪಾಯಿಂಟುಗಳ ಮೊತ್ತವೇ ಅದು. ಅರ್ಧ ಆದದ್ದಕ್ಕೆ ಸೊನ್ನೆ. ಬೆಕ್ ಮತ್ತು ಮಾರ್ಟಿನ್ ಫೌಲರ್ 2000ದಲ್ಲಿ ಯೋಜನೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ನಿನ್ನೆಯ ಹವಾಮಾನಕ್ಕೆ ಹೋಲಿಸಿದರು: ಕಳೆದ ಸಲ ಎಷ್ಟು ಮುಗಿಯಿತೋ ಈ ಸಲವೂ ಸುಮಾರು ಅಷ್ಟೇ ಎಂದುಕೊಳ್ಳಿ.

ಒಂದು ಕಲ್ಪಿತ ಟೀಮಿನ ಲೆಕ್ಕ ನೋಡೋಣ. ಕಳೆದ ಆರು ಸ್ಪ್ರಿಂಟುಗಳಲ್ಲಿ ಅದು ಮುಗಿಸಿದ್ದು 22, 19, 27, 21, 16, 24. ಸರಾಸರಿ 21.5. ಉಳಿದ ಕೆಲಸ 170 ಪಾಯಿಂಟ್. ಭಾಗಿಸಿದರೆ ಎಂಟು ಸ್ಪ್ರಿಂಟ್ ಬರುತ್ತದೆ. ಬಹಳ ಜನ ಇಲ್ಲೇ ನಿಂತು ತಾರೀಖು ಕೊಟ್ಟುಬಿಡುತ್ತಾರೆ. ತಗ್ಗಿನ ಮೂರರ ಸರಾಸರಿ ತೆಗೆದುಕೊಂಡರೆ ಸುಮಾರು 18.7, ಆಗ ಹತ್ತು ಸ್ಪ್ರಿಂಟ್ ಬೇಕು. ಹೆಚ್ಚಿನ ಮೂರರ ಸರಾಸರಿ 24.3, ಆಗ ಏಳು ಸಾಕು. ಹಾಗಾಗಿ ಈ ಟೀಮು ಪ್ರಾಮಾಣಿಕವಾಗಿ ಹೇಳಬಹುದಾದ ಮಾತು ಹದಿನಾಲ್ಕರಿಂದ ಇಪ್ಪತ್ತು ವಾರ. ಆರು ವಾರದ ಈ ಅಂತರವನ್ನು ಮುಚ್ಚಿಟ್ಟು ಒಂದೇ ತಾರೀಖು ಹೇಳುವುದು ಲೆಕ್ಕದ ತಪ್ಪಲ್ಲ, ಧೈರ್ಯದ ಕೊರತೆ.

ಇನ್ನು ಆ ಪಾಯಿಂಟುಗಳನ್ನು ಯಾರು ಕೊಡುತ್ತಾರೆ? ಈ ಪ್ರಶ್ನೆಗೆ ಇನ್ನೂ ಹಳೆಯ ಇತಿಹಾಸವಿದೆ. ಪರಿಣತರು ಒಬ್ಬರ ಮಾತಿಗೆ ಒಬ್ಬರು ಬಾಗದಂತೆ ಗುಟ್ಟಾಗಿ ಅಂದಾಜು ಪಡೆಯುವ ಡೆಲ್ಫಿ ವಿಧಾನ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಬೆಳೆಯಿತು. ಬ್ಯಾರಿ ಬೋಹೆಮ್ ಮತ್ತವರ ಸಹೋದ್ಯೋಗಿಗಳು 1970ರ ದಶಕದಲ್ಲಿ ಅದಕ್ಕೆ ಮಾತುಕತೆಯನ್ನು ಸೇರಿಸಿ ಸಾಫ್ಟ್‌ವೇರ್ ಅಂದಾಜಿಗೆ ಒಗ್ಗಿಸಿದರು. 1974ರಲ್ಲಿ ಟ್ವೆರ್ಸ್ಕಿ ಮತ್ತು ಕಾಹ್ನೆಮನ್ ಪ್ರಕಟಿಸಿದ ಪ್ರಯೋಗವೊಂದು ಗುಟ್ಟು ಯಾಕೆ ಬೇಕೆಂದು ತೋರಿಸಿತು. ಚಕ್ರ ತಿರುಗಿಸಿ 10 ಬಂದವರು ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳ ಪಾಲು ನೂರಕ್ಕೆ 25 ಎಂದರೆ, 65 ಬಂದವರು 45 ಎಂದರು. ಸಂಬಂಧವೇ ಇಲ್ಲದ ಸಂಖ್ಯೆ ಇಷ್ಟು ಎಳೆಯುವುದಾದರೆ, ಹಿರಿಯ ಎಂಜಿನಿಯರ್ ಮೊದಲು ನುಡಿದ ಸಂಖ್ಯೆ ಎಷ್ಟು ಎಳೆಯದು!

ಜೇಮ್ಸ್ ಗ್ರೆನಿಂಗ್ 2002ರಲ್ಲಿ ಪ್ಲಾನಿಂಗ್ ಪೋಕರ್ ಎಂಬ ಚಿಕ್ಕ ಬರಹ ಬರೆದದ್ದು ಇಂಥ ಅನುಭವದಿಂದಲೇ: ಇಬ್ಬರೇ ವಾದ ಮಾಡುತ್ತಾ ಉಳಿದವರು ಸುಮ್ಮನೆ ಕೂತಿರುವ ಸಭೆ. ಪ್ರತಿಯೊಬ್ಬರಿಗೂ ಸಂಖ್ಯೆಯ ಎಲೆಗಳನ್ನು ಕೊಟ್ಟು, ಎಲ್ಲರೂ ಒಟ್ಟಿಗೆ ತೋರಿಸಿ ಎಂದರು ಅವರು. ಅವರ ಎಲೆಗಳಲ್ಲಿ 1, 2, 3, 5, 7, 10 ಮತ್ತು ಅನಂತದ ಗುರುತು ಇದ್ದವು. 2005ರಲ್ಲಿ ಮೈಕ್ ಕೋನ್ ಬರೆದ ಪುಸ್ತಕ ಈ ಆಟವನ್ನು ಜಗತ್ತಿಗೆಲ್ಲ ಹಬ್ಬಿಸಿತು. ಇಂದು ರೂಢಿಯಲ್ಲಿರುವ 1, 2, 3, 5, 8, 13, 20, 40, 100 ಅವರ ಸಾಲು. ದೊಡ್ಡ ಸಂಖ್ಯೆಗಳ ನಡುವೆ ಅಂತರ ಹೆಚ್ಚಲು ಕಾರಣವಿದೆ: ದೊಡ್ಡ ಕೆಲಸ 17 ಪಾಯಿಂಟೋ 18 ಪಾಯಿಂಟೋ ಎಂದು ಯಾರಿಗೂ ಗೊತ್ತಿರುವುದಿಲ್ಲ, ಆ ವಾದಕ್ಕೆ ಎಡೆಯೇ ಇರಬಾರದು.

ಆಟ ಹೇಗೆ ಕೆಲಸ ಮಾಡುತ್ತದೆ? ಸ್ಟೋರಿ ಹೀಗಿದೆ ಎನ್ನಿ: ಬಸ್ ಟಿಕೆಟ್ ರದ್ದುಮಾಡಿದ ಪ್ರಯಾಣಿಕನಿಗೆ ಹಣ ವಾಪಸ್ ಹೋಗಬೇಕು. ನಾಲ್ವರು ಎಲೆ ತಿರುಗಿಸುತ್ತಾರೆ: 3, 3, 5, 13. ಇಲ್ಲಿ ಸರಾಸರಿ 6 ಎಂದು ಬರೆದುಕೊಂಡರೆ ಆಟ ಕೆಟ್ಟಂತೆ. ತೀರಾ ಕಡಿಮೆ ಮತ್ತು ತೀರಾ ಹೆಚ್ಚು ತೋರಿಸಿದವರು ಮೊದಲು ಮಾತಾಡಬೇಕು, ಆಮೇಲೆ ಎಲ್ಲರೂ ಮತ್ತೊಂದು ಸುತ್ತು ಎಲೆ ತೋರಿಸಬೇಕು. 3 ಎಂದವರಿಗೆ ಪೂರ್ತಿ ಹಣ ಹಿಂತಿರುಗಿಸುವ ಒಂದು ಕರೆ ಕಾಣುತ್ತಿತ್ತು. 13 ಎಂದಾಕೆ ಟೆಸ್ಟರ್. ನಾಲ್ಕು ಸೀಟಿನಲ್ಲಿ ಒಂದನ್ನಷ್ಟೇ ರದ್ದುಮಾಡಿದರೆ, ಬ್ಯಾಂಕಿನ ಉತ್ತರ ಎರಡು ದಿನ ತಡವಾದರೆ, ಅಷ್ಟರಲ್ಲಿ ಪ್ರಯಾಣಿಕ ಇನ್ನೊಮ್ಮೆ ಒತ್ತಿದರೆ ಏನು ಎಂದು ಕೇಳಿದಳು. ಯಾರ ಬಳಿಯೂ ಉತ್ತರವಿಲ್ಲ. ಸ್ಟೋರಿ ಎರಡಾಯಿತು: ಪೂರ್ತಿ ರದ್ದಿಗೆ 3, ಭಾಗಶಃ ರದ್ದಿಗೆ 8. ಮೂರನೆಯ ಸುತ್ತಿನಲ್ಲೂ ಒಮ್ಮತವಿಲ್ಲದಿದ್ದರೆ ಕೊರತೆ ಇರುವುದು ಅಂದಾಜಿನಲ್ಲಲ್ಲ, ಮಾಹಿತಿಯಲ್ಲಿ. ಸ್ಟೋರಿಯನ್ನು ಬರೆದವರ ಬಳಿಗೆ ವಾಪಸ್ ಕಳಿಸಬೇಕು.

ಕೆಡುಕು ಶುರುವಾದದ್ದು ವೆಲಾಸಿಟಿ ಮೇಲಿನವರ ವರದಿಗೆ ಏರಿದಾಗ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಎರಡು ಟೀಮುಗಳ ವೆಲಾಸಿಟಿಯನ್ನು ಅಕ್ಕಪಕ್ಕ ಇಟ್ಟು ಹಿಂದಿದ್ದವರನ್ನು ಪ್ರಶ್ನಿಸಿದರು. ಒಂದು ಟೀಮಿನ 3 ಇನ್ನೊಂದರ 5 ಆಗಿರಬಹುದು ಎಂಬುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನಾಲ್ಕು ತಿಂಗಳಲ್ಲಿ ನಮ್ಮ ಸಂಖ್ಯೆ 21ರಿಂದ 30ಕ್ಕೆ ಏರಿತು. ಸ್ಪ್ರಿಂಟಿಗೆ ಮುಗಿಯುತ್ತಿದ್ದ ಸ್ಟೋರಿಗಳು ಮಾತ್ರ ಮೊದಲಿನಂತೆ ಆರೇ. ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಅನುಮಾನ ಬಂದಾಗ 3ರ ಬದಲು 5 ಎನ್ನುವುದು ಕ್ಷೇಮವೆನಿಸುತ್ತಿತ್ತು, ಅಷ್ಟೆ. ಇದನ್ನು ಕಂಡುಹಿಡಿಯುವುದು ಸುಲಭ. ವರ್ಷದ ಹಿಂದೆ 3 ಎಂದಿದ್ದ ಹಳೆಯ ಸ್ಟೋರಿಗಳಲ್ಲಿ ಕೆಲವನ್ನು ಅಂಕ ಮುಚ್ಚಿ ಮತ್ತೆ ಟೀಮಿನ ಮುಂದಿಡಿ. ಈಗ 5 ಎಂದರೆ ಏರಿದ್ದು ಕೆಲಸವಲ್ಲ, ಅಳತೆಗೋಲು ಕುಗ್ಗಿದೆ.

2012ರ ಹೊತ್ತಿಗೆ ವುಡಿ ಜುಯಿಲ್, ವಾಸ್ಕೊ ದುವಾರ್ತೆ ಮೊದಲಾದವರು ಅಂದಾಜೇ ಯಾಕೆ ಬೇಕು ಎಂದು ಕೇಳತೊಡಗಿದರು. ಜೆಫ್ರೀಸ್ 2019ರಲ್ಲಿ, ಪಾಯಿಂಟನ್ನು ಕಂಡುಹಿಡಿದದ್ದು ತಾವೇ ಆಗಿದ್ದರೆ ಅದಕ್ಕೆ ವಿಷಾದವಿದೆ ಎಂಬರ್ಥದಲ್ಲಿ ಬರೆದರು. 2020ರ ಸ್ಕ್ರಮ್ ಗೈಡಿನಲ್ಲಿ ಸ್ಟೋರಿ ಪಾಯಿಂಟಿನ ಹೆಸರೇ ಇಲ್ಲ, ಎಷ್ಟೋ ಜನ ಅದನ್ನು ಸ್ಕ್ರಮ್‌ನ ನಿಯಮವೆಂದೇ ನಂಬಿದ್ದರೂ. ದುವಾರ್ತೆಯವರ ಸಲಹೆ ಸರಳ: ಸ್ಟೋರಿಗಳನ್ನು ಎಣಿಸಿದರೆ ಸಾಕು. ಮೇಲಿನ ಕಲ್ಪಿತ ಟೀಮು ಸ್ಪ್ರಿಂಟಿಗೆ ಆರು ಸ್ಟೋರಿ ಮುಗಿಸುತ್ತದೆ, ಉಳಿದಿರುವುದು 47 ಎನ್ನಿ. ಭಾಗಿಸಿದರೆ ಅಲ್ಲೂ ಎಂಟೇ ಸ್ಪ್ರಿಂಟ್.

ತಾರೀಖಿನ ಲೆಕ್ಕಕ್ಕೆ ಎಣಿಕೆ ಸಾಕು ಎಂದು ನಾನೂ ಈಗ ಒಪ್ಪುತ್ತೇನೆ. ಆದರೆ ಎಣಿಕೆ ಹೊಂದುವುದು ಸ್ಟೋರಿಗಳು ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಒಡೆದಿದ್ದಾಗ. ಹಣ ವಾಪಸಿನ ಸ್ಟೋರಿ ಒಡೆಯದೆ ಹಾಗೇ ಒಳಹೋಗಿದ್ದರೆ ಎಣಿಕೆಯಲ್ಲಿ ಅದು ಬರೀ ಒಂದು. ಅದರೊಳಗೆ ಎರಡು ಇವೆಯೆಂದು ಟೀಮಿಗೆ ಗೊತ್ತಾದದ್ದು ಆ ಟೆಸ್ಟರ್ ತಿರುಗಿಸಿದ 13ರ ಎಲೆಯಿಂದ.