ಸೋರುವ ಫೀಡರ್ ಯಾವುದು? ಭೂಸಂಪರ್ಕವಿಲ್ಲದ ಕಾರ್ಖಾನೆ ಪೂರೈಕೆಯಲ್ಲಿ ದೋಷಪತ್ತೆಯ ಇತಿಹಾಸ

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕ, ಯುರೋಪಿನ ಎಷ್ಟೋ ಕಾರ್ಖಾನೆಗಳು ಟ್ರಾನ್ಸ್‌ಫಾರ್ಮರಿನ ಯಾವ ಬಿಂದುವನ್ನೂ ಭೂಮಿಗೆ ಕಟ್ಟದೆ ಮೂರು ಫೇಸ್ ವಿದ್ಯುತ್ ಬಳಸುತ್ತಿದ್ದವು. ಇದರ ಲಾಭ ಸರಳ. ಒಂದು ಫೇಸ್ ಭೂಮಿಗೆ ತಾಗಿದರೂ ಕರೆಂಟು ಮರಳಿ ಬರಲು ತಂತಿಯ ದಾರಿ ಇಲ್ಲ. ಕೇಬಲ್ ಮತ್ತು ಭೂಮಿಯ ನಡುವಿನ ಕೆಪಾಸಿಟನ್ಸ್ ಮೂಲಕ ಅಷ್ಟಿಷ್ಟು ಹರಿಯುತ್ತದೆ. ಫೇಸಿಗೆ 1 ಮೈಕ್ರೋಫ್ಯಾರಡ್ ಇರುವ 415 ವೋಲ್ಟ್ ಜಾಲದಲ್ಲಿ ಅದು ಸುಮಾರು 0.23 ಆಂಪಿಯರ್. ಫ್ಯೂಸ್ ಹೋಗದು, ಯಂತ್ರ ನಿಲ್ಲದು. ಆದರೆ ಎರಡನೆಯ ದೋಷ ಬೇರೆ ಫೇಸಿನಲ್ಲಿ ಕಾಣಿಸಿದರೆ ಎರಡೂ ಸೇರಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಆದ್ದರಿಂದ ಮೊದಲ ದೋಷದ ನಂತರ ಸಿಗುವುದು ಒಂದಿಷ್ಟು ಕಾಲಾವಕಾಶ ಮಾತ್ರ. ಆ ಅವಕಾಶ ನಿಜವಾಗಿ ಬಳಕೆಗೆ ಬಂದದ್ದು ದೋಷದ ಸೂಚನೆ ಸಿಕ್ಕಿದಾಗ ಅಲ್ಲ, ದೋಷದ ಜಾಗ ಯಂತ್ರ ನಿಲ್ಲಿಸದೆ ಸಿಗುವಂತಾದಾಗ ಎಂಬುದು ಈ ಲೇಖನದ ವಾದ.

ಸೂಚನೆಗೆ ಮೊದಲಿಂದಲೂ ಮೂರು ದೀಪಗಳಿದ್ದವು. ಪ್ರತಿ ಫೇಸಿನಿಂದ ಭೂಮಿಗೆ ಒಂದೊಂದು ಬಲ್ಬು. ಎಲ್ಲ ಸರಿಯಿದ್ದರೆ ಮೂರಕ್ಕೂ ಸುಮಾರು 240 ವೋಲ್ಟ್, ಸಮನಾದ ಬೆಳಕು. ಒಂದು ಫೇಸ್ ಭೂಮಿಗೆ ತಾಗಿದರೆ ಅದರ ಬಲ್ಬು ಆರಿ, ಉಳಿದೆರಡು 415 ವೋಲ್ಟಿಗೆ ಏರಿ ಪ್ರಖರವಾಗುತ್ತಿದ್ದವು. ಈ ಜಾಣ ಉಪಾಯಕ್ಕೆ ಎರಡು ಕುರುಡುತನಗಳಿದ್ದವು. ತೇವದಿಂದ ಮೂರು ಫೇಸ್‌ಗಳ ಇನ್ಸುಲೇಶನ್ನೂ ಒಟ್ಟಿಗೆ ಕುಸಿದರೆ ಬಲ್ಬುಗಳು ಸಮನಾಗಿಯೇ ಉರಿಯುತ್ತವೆ. ಇನ್ನು, ಎಲ್ಲ ಫೀಡರ್‌ಗಳೂ ಒಂದೇ ಬಸ್‌ಬಾರಿಗೆ ಸೇರಿರುವುದರಿಂದ ದೀಪ ಫೇಸನ್ನು ತೋರಿಸುತ್ತದೆ, ಫೀಡರನ್ನಲ್ಲ. ಫೀಡರ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ಬಲ್ಬು ಯಾವಾಗ ಸರಿಹೋಗುತ್ತದೆ ಎಂದು ನೋಡುವುದೇ ದಾರಿ. ನಿಲ್ಲಬಾರದೆಂದು ಭೂಮಿಗೆ ಕಟ್ಟದೆ ಬಿಟ್ಟ ಯಂತ್ರಗಳನ್ನು ದೋಷ ಹುಡುಕಲೆಂದೇ ನಿಲ್ಲಿಸಬೇಕಾಗುತ್ತಿತ್ತು!

ಪ್ರತಿ ಫೀಡರಿಗೂ ಸಾಮಾನ್ಯ ಅರ್ತ್ ಲೀಕೇಜ್ ರಿಲೇ ಹಾಕಿದರಾಗದೇ ಎಂದು ಕೇಳಬಹುದು. ಲೆಕ್ಕ ಮಾಡಿ ನೋಡೋಣ. ಮೇಲಿನ ಜಾಲದ ಕೆಪಾಸಿಟನ್ಸಿನಲ್ಲಿ ನೂರಕ್ಕೆ 70 ಪಾಲು ಉದ್ದದ ಒಂದು ಫೀಡರಿನದು ಎನ್ನಿ. ಬೇರೆ ಫೀಡರಿನಲ್ಲಿ ದೋಷವಾದಾಗ ಈ ನಿರ್ದೋಷಿ ಫೀಡರಿನ ರಿಲೇಗೆ ಸುಮಾರು 0.16 ಆಂಪಿಯರ್ ಕಾಣುತ್ತದೆ. ಅದೇ ಫೀಡರಿನಲ್ಲೇ ದೋಷವಾದರೆ ಕಾಣುವುದು ಉಳಿದವುಗಳ ಪಾಲಾದ 0.07 ಆಂಪಿಯರ್ ಮಾತ್ರ. ತನ್ನ ದೋಷಕ್ಕಿಂತ ಪರರ ದೋಷವೇ ದೊಡ್ಡದಾಗಿ ಕಾಣುವ ರಿಲೇಯನ್ನು ಎಷ್ಟಕ್ಕೆ ಸೆಟ್ ಮಾಡಿದರೂ ತಪ್ಪೇ.

ಹಾಗಾಗಿ ಜಾಲದ್ದಲ್ಲದ, ಹೊರಗಿನಿಂದ ಸೇರಿಸಿದ ಕರೆಂಟು ಬೇಕಾಯಿತು. ಜರ್ಮನಿಯ ಗ್ರ್ಯೂನ್‌ಬರ್ಗ್‌ನಲ್ಲಿ 1946ರಲ್ಲಿ ವಾಲ್ಟರ್ ಬೆಂಡರ್ ಸ್ಥಾಪಿಸಿದ ಸಂಸ್ಥೆ ಹೆಸರು ಮಾಡಿದ್ದು ಈ ಬಗೆಯ ಇನ್ಸುಲೇಶನ್ ಮಾನಿಟರ್‌ಗಳಿಂದ. ಜಾಲಕ್ಕೂ ಭೂಮಿಗೂ ನಡುವೆ ಸಣ್ಣ ಡಿಸಿ ವೋಲ್ಟೇಜ್ ಕೊಟ್ಟು ಹರಿಯುವ ಕರೆಂಟಿನಿಂದ ರೋಧವನ್ನು ಅಳೆಯುವುದು ಇದರ ಮೂಲ ವಿಧಾನ. ಡಿಸಿ ಎಲ್ಲ ಫೇಸ್‌ಗಳಿಗೂ ಸಮನಾಗಿ ತಲುಪುವುದರಿಂದ ಮೂರೂ ಒಟ್ಟಿಗೆ ಕುಸಿದರೂ ಗೊತ್ತಾಗುತ್ತದೆ. ಆದರೆ ಡ್ರೈವ್‌ಗಳ ಒಳಗಿನ ಡಿಸಿ ಭಾಗದಲ್ಲಿ ದೋಷವಾದರೆ ಈ ಅಳತೆ ಹಾದಿ ತಪ್ಪುತ್ತದೆ. ಧ್ರುವ ಬದಲಿಸುವ ಪಲ್ಸ್‌ಗಳ ವಿಧಾನ ಬಂದದ್ದು ಅದಕ್ಕೆ. ಅದಕ್ಕೆ ತಾಳ್ಮೆ ಬೇಕು: ಜಾಲದ ಕೆಪಾಸಿಟನ್ಸ್ 100 ಮೈಕ್ರೋಫ್ಯಾರಡ್, ರೋಧ 20 ಕಿಲೋಓಮ್ ಇದ್ದರೆ ಒಂದು ಪಲ್ಸ್ ನೆಲೆಗೊಳ್ಳಲು ಹತ್ತು ಸೆಕೆಂಡು ಹಿಡಿಯುತ್ತದೆ.

ಮಾನಿಟರ್ ಹೇಳುವುದು ಇಡೀ ಜಾಲದ ಒಂದೇ ಅಂಕಿ. ಆರು ಫೀಡರ್‌ಗಳಿಗೆ ತಲಾ 300 ಕಿಲೋಓಮ್ ಇದ್ದರೆ ಮೀಟರ್ 50 ಎನ್ನುತ್ತದೆ. ಮುನ್ನೆಚ್ಚರಿಕೆಯನ್ನು 50ಕ್ಕೆ ಇಟ್ಟಿದ್ದರೆ ಯಾವ ಫೀಡರೂ ಕೆಡದೆ ಅಲಾರಂ ಹೊಡೆಯುತ್ತದೆ. ನಾಲ್ಕನೆಯ ಫೀಡರ್ 10 ಕಿಲೋಓಮಿಗೆ ಇಳಿದರೆ ಮೀಟರ್ ಸುಮಾರು 8.6 ತೋರಿಸುತ್ತದೆ. ಇಲ್ಲಿಂದ ಲೊಕೇಟರಿನ ಕೆಲಸ. ಅದು ಜಾಲಕ್ಕೂ ಭೂಮಿಗೂ ನಡುವೆ ನಿಧಾನದ ಪಲ್ಸ್‌ಗಳನ್ನು ಕಳಿಸುತ್ತದೆ. ಪ್ರತಿ ಫೀಡರಿನ ಮೂರೂ ಫೇಸ್ ತಂತಿಗಳು ಒಂದು ಸಿಟಿಯ ಉಂಗುರದೊಳಗೆ ಹಾದಿರುತ್ತವೆ. ಲೋಡ್ ಕರೆಂಟು ಉಂಗುರದೊಳಗೆ ಹೋಗಿ ಬಂದು ರದ್ದಾಗುತ್ತದೆ. ಪಲ್ಸ್ ಮಾತ್ರ ಹೋಗಿ, ದೋಷದ ಜಾಗದಲ್ಲಿ ಭೂಮಿಗಿಳಿದು, ಉಂಗುರದ ಹೊರಗಿನಿಂದ ಮರಳುತ್ತದೆ. 50 ವೋಲ್ಟಿನ ಪಲ್ಸಿಗೆ ನಾಲ್ಕನೆಯ ಫೀಡರಿನಲ್ಲಿ 5 ಮಿಲಿಆಂಪಿಯರ್, ಉಳಿದವುಗಳಲ್ಲಿ 0.17. ಕೆಪಾಸಿಟನ್ಸ್ ಪಲ್ಸಿನ ಅಂಚಿನಲ್ಲಷ್ಟೇ ಕರೆಂಟು ಎಳೆಯುವುದರಿಂದ, ರಿಲೇಯನ್ನು ದಾರಿ ತಪ್ಪಿಸಿದ ಉದ್ದದ ಕೇಬಲ್ ಇಲ್ಲಿ ಸುಮ್ಮನಿರುತ್ತದೆ. ಮಾನಿಟರಿಗೆ 1997ರಲ್ಲಿ ಐಇಸಿ 61557-8, ಲೊಕೇಟರಿಗೆ 1999ರಲ್ಲಿ 61557-9 ಎಂಬ ಬೇರೆ ಬೇರೆ ಮಾನದಂಡಗಳು ಬಂದವು. ಇವು ಎರಡು ಬೇರೆ ಪ್ರಶ್ನೆಗಳೆಂಬುದು ಅಲ್ಲಿಗೆ ಅಧಿಕೃತವಾಯಿತು.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಿಡಿ ಹಾರುತ್ತಾ ಆರುತ್ತಾ ಇರುವ ಭೂದೋಷ ಇಂಥ ಜಾಲದ ವೋಲ್ಟೇಜನ್ನು ಹಲವು ಪಟ್ಟು ಏರಿಸಬಲ್ಲದೆಂದು ವಾಲ್ಡೆಮಾರ್ ಪೀಟರ್ಸನ್ 1910ರ ದಶಕದಲ್ಲೇ ವಿವರಿಸಿದ್ದ. ಈ ಕಾರಣಕ್ಕೇ ಅಮೆರಿಕದ ಅನೇಕ ಕಾರ್ಖಾನೆಗಳು ದೊಡ್ಡ ರೋಧದ ಮೂಲಕ ನ್ಯೂಟ್ರಲನ್ನು ಭೂಮಿಗೆ ಕಟ್ಟುವತ್ತ ಹೊರಳಿದವು. ಕಿಡಿಯನ್ನು ಲೊಕೇಟರ್ ತಡೆಯದು, ನಿಜ. ಆದರೆ ನೂರಾರು ಕಿಲೋಓಮಿನಿಂದ ಹತ್ತಕ್ಕೆ ಇಳಿಯುತ್ತಿರುವ ಇನ್ಸುಲೇಶನ್ನನ್ನು ಕಿಡಿ ಹುಟ್ಟುವ ಮೊದಲೇ ಹೆಸರಿಸಿದರೆ ಅಪಾಯದ ಅವಧಿ ಕುಗ್ಗುತ್ತದೆ. ಏಕಾಏಕಿ ಯಾಂತ್ರಿಕ ಪೆಟ್ಟಿನಿಂದ ಸೀಳುವ ಕೇಬಲ್ಲಿಗೆ ಈ ಸಮಾಧಾನ ಸಲ್ಲದು.

ಅಲಾರಂ ನಿಂತಿಲ್ಲ, ಒಂದು ಉಂಗುರವೂ ಏನೂ ಹೇಳುತ್ತಿಲ್ಲ ಎಂದಾಗ ಮೊದಲು ನೋಡಬೇಕಾದದ್ದು ಅರ್ತ್ ತಂತಿಯೂ ಸಿಟಿಯೊಳಗೇ ಹಾದುಹೋಗಿದೆಯೇ ಎಂಬುದನ್ನು. ಹಾದಿದ್ದರೆ ಮರಳುವ ಪಲ್ಸ್ ಹೋಗುವ ಪಲ್ಸನ್ನು ಅಳಿಸಿಹಾಕುತ್ತದೆ. ಅದು ಸರಿಯಿದ್ದರೆ ದೋಷ ಉಂಗುರಗಳಿಗಿಂತ ಹಿಂದೆ, ಬಸ್‌ಬಾರಿನಲ್ಲೋ ಟ್ರಾನ್ಸ್‌ಫಾರ್ಮರಿನಲ್ಲೋ ಇರಬಹುದು, ಇಲ್ಲವೇ ಎಲ್ಲ ಫೀಡರ್‌ಗಳಲ್ಲೂ ತೆಳುವಾಗಿ ಹಂಚಿಹೋಗಿರಬಹುದು.