ಸರಾಸರಿ ದರ ಹಾಕಿದರೆ ತೆರಿಗೆ ಉಳಿಯುತ್ತದೆಯೇ? ಮಾರ್ಚ್ 31ರ ಕಡಲೆ ದಾಸ್ತಾನಿನ ನಿಜವಾದ ಲೆಕ್ಕ

ಮಾರ್ಚ್ ತಿಂಗಳು ಬಂತೆಂದರೆ ಸಣ್ಣ ವ್ಯಾಪಾರಿಗಳ ನಡುವೆ ಒಂದು ಮಾತು ಓಡಾಡಲು ಶುರುವಾಗುತ್ತದೆ: "ಉಳಿದ ಮಾಲಿಗೆ ಸರಾಸರಿ ದರ ಹಾಕಿ, ಲಾಭ ಕಡಿಮೆ ಕಾಣುತ್ತದೆ, ತೆರಿಗೆ ಉಳಿಯುತ್ತದೆ. ಫಿಫೊ ಹಾಕಿದರೆ ತೆರಿಗೆ ಜಾಸ್ತಿ." ಇದು ನಿಜವೇ?

ಅರ್ಧ ಮಾತ್ರ ನಿಜ. ದರ ಏರುತ್ತಿದ್ದ ವರ್ಷದಲ್ಲಿ ಸರಾಸರಿ ಪದ್ಧತಿಯಿಂದ ಆ ವರ್ಷದ ಲಾಭ ಕಡಿಮೆ ಕಾಣುವುದು ಹೌದು. ಆದರೆ ಆ ಲಾಭ ಕರಗಿ ಹೋಗುವುದಿಲ್ಲ, ಮುಂದಿನ ವರ್ಷದ ಪುಸ್ತಕದಲ್ಲಿ ಬಂದು ಕೂರುತ್ತದೆ. ಹೇಗೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಮೊರಬದ ಕಡಲೆಯೇ ಏಕೆ?

ಧಾರವಾಡ ಜಿಲ್ಲೆ ನವಲಗುಂದ ತಾಲ್ಲೂಕಿನ ಮೊರಬ ಎರೆ ಭೂಮಿಯ ಊರು. ಇಲ್ಲಿ ಹಿಂಗಾರಿಗೆ ಬಿತ್ತಿದ ಕಡಲೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ರಾಶಿಯಾಗಿ ಮಾರಾಟಕ್ಕೆ ಬರುತ್ತದೆ. ನಮ್ಮ ದೇಶದಲ್ಲಿ ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಂದರೆ ಊರಲ್ಲೇ ಕಡಲೆ ಕೊಂಡು ಅಣ್ಣಿಗೇರಿಗೋ ಹುಬ್ಬಳ್ಳಿಗೋ ಕಳಿಸುವ ವ್ಯಾಪಾರಿಯ ಗೋದಾಮಿನಲ್ಲಿ ಮಾಲು ತುಂಬಿರುವ ಹೊತ್ತಿಗೇ ವರ್ಷದ ಲೆಕ್ಕ ಮುಗಿಸಬೇಕಾಗುತ್ತದೆ. ಆ ದಿನ ಮಾರಾಟವಾಗದೆ ಉಳಿದ ಮಾಲೇ ಅಖೈರು ದಾಸ್ತಾನು, ಅಂದರೆ ಕ್ಲೋಸಿಂಗ್ ಸ್ಟಾಕ್. ಅದಕ್ಕೆ ಎಷ್ಟು ಬೆಲೆ ಕಟ್ಟುತ್ತೀರಿ ಎಂಬುದರ ಮೇಲೆ ಆ ವರ್ಷದ ಲಾಭ ನಿಂತಿದೆ.

ಎರಡು ಪದ್ಧತಿಗಳು

ಒಬ್ಬ ವ್ಯಾಪಾರಿ ಒಂದು ಹಂಗಾಮಿನಲ್ಲಿ ಮೂರು ಸಲ ಕಡಲೆ ಕೊಂಡರು ಎಂದುಕೊಳ್ಳಿ. ಇಲ್ಲಿನ ದರಗಳು ಲೆಕ್ಕ ತಿಳಿಯಲಿಕ್ಕಾಗಿ ಇಟ್ಟುಕೊಂಡವು. ಗಾಡಿ ಬಾಡಿಗೆ, ಹಮಾಲಿ ಎಲ್ಲ ಸೇರಿಸಿಯೇ ಈ ದರ.

- ಫೆಬ್ರವರಿ ಮೊದಲ ವಾರ: 20 ಕ್ವಿಂಟಲ್, ತಲಾ 5,000 ರೂಪಾಯಿ, ಒಟ್ಟು 1,00,000
- ಫೆಬ್ರವರಿ ಕೊನೆ: 40 ಕ್ವಿಂಟಲ್, ತಲಾ 5,400 ರೂಪಾಯಿ, ಒಟ್ಟು 2,16,000
- ಮಾರ್ಚ್ ಮಧ್ಯ: 40 ಕ್ವಿಂಟಲ್, ತಲಾ 5,600 ರೂಪಾಯಿ, ಒಟ್ಟು 2,24,000

ಎಲ್ಲ ಸೇರಿ 100 ಕ್ವಿಂಟಲ್, 5,40,000 ರೂಪಾಯಿ. ಇದರಲ್ಲಿ 70 ಕ್ವಿಂಟಲ್ ಅನ್ನು 5,800ರಂತೆ ಮಾರಿದರು. ಕೈಗೆ ಬಂದದ್ದು 4,06,000 ರೂಪಾಯಿ. ಮಾರ್ಚ್ 31ಕ್ಕೆ 30 ಕ್ವಿಂಟಲ್ ಉಳಿಯಿತು.

ಫಿಫೊ ಎಂದರೆ ಮೊದಲು ಬಂದದ್ದು ಮೊದಲು ಹೊರಗೆ. ಹಳೆಯ ದರದ ಮಾಲು ಮೊದಲು ಮಾರಾಟವಾಯಿತು ಎಂದು ಲೆಕ್ಕ ಹಿಡಿಯುತ್ತೇವೆ. ಹಾಗಾಗಿ ಉಳಿದ 30 ಕ್ವಿಂಟಲ್ ಕೊನೆಯ ಖರೀದಿಯದು, ದರ 5,600. ದಾಸ್ತಾನಿನ ಬೆಲೆ 1,68,000. ಮಾರಿದ ಮಾಲಿನ ಅಸಲು 5,40,000ದಲ್ಲಿ 1,68,000 ಕಳೆದರೆ 3,72,000. ಲಾಭ 34,000 ರೂಪಾಯಿ.

ತೂಕಿತ ಸರಾಸರಿ, ಅಂದರೆ ವೇಟೆಡ್ ಆವರೇಜ್ ಪದ್ಧತಿಯಲ್ಲಿ ಎಲ್ಲ ಮಾಲನ್ನೂ ಒಂದೇ ರಾಶಿ ಮಾಡಿದಂತೆ. ಒಟ್ಟು ಹಣ 5,40,000 ಅನ್ನು ಒಟ್ಟು ತೂಕ 100 ಕ್ವಿಂಟಲ್‌ನಿಂದ ಭಾಗಿಸಿದರೆ ದರ 5,400. ಉಳಿದ 30 ಕ್ವಿಂಟಲ್‌ಗೆ 1,62,000. ಮಾರಿದ ಮಾಲಿನ ಅಸಲು 3,78,000. ಲಾಭ 28,000 ರೂಪಾಯಿ.

ಲಾಭದಲ್ಲಿ 6,000 ರೂಪಾಯಿ ವ್ಯತ್ಯಾಸ. "ನೋಡಿ, ಸರಾಸರಿಯಲ್ಲಿ ಉಳಿತಾಯ" ಎನ್ನುವವರು ಇಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತಾರೆ.

ಆ 6,000 ಎಲ್ಲಿಗೆ ಹೋಯಿತು?

ಮಾರ್ಚ್ 31ರ ಅಖೈರು ದಾಸ್ತಾನೇ ಏಪ್ರಿಲ್ 1ರ ಆರಂಭದ ದಾಸ್ತಾನು. ಹೊಸ ವರ್ಷಕ್ಕೆ ಬೇರೆ ಬೆಲೆ ಬರೆಯುವಂತಿಲ್ಲ. ಆ 30 ಕ್ವಿಂಟಲ್ ಅನ್ನು ಏಪ್ರಿಲ್‌ನಲ್ಲಿ 5,900ರಂತೆ ಮಾರಿದರು ಎನ್ನೋಣ. ಬಂದ ಹಣ 1,77,000.

ಫಿಫೊದಲ್ಲಿ ಅಸಲು 1,68,000 ಇತ್ತು, ಹಾಗಾಗಿ ಲಾಭ 9,000. ಸರಾಸರಿಯಲ್ಲಿ ಅಸಲು 1,62,000 ಇತ್ತು, ಹಾಗಾಗಿ ಲಾಭ 15,000. ಈಗ ಎರಡೂ ವರ್ಷ ಕೂಡಿಸಿ. ಫಿಫೊದಲ್ಲಿ 34,000 ಮತ್ತು 9,000 ಸೇರಿ 43,000. ಸರಾಸರಿಯಲ್ಲಿ 28,000 ಮತ್ತು 15,000 ಸೇರಿ ಅದೇ 43,000.

ರೈತರಿಗೆ ಕೊಟ್ಟ ಹಣವೂ ಮಾರಿ ಬಂದ ಹಣವೂ ಬದಲಾಗಿಲ್ಲ. ಒಟ್ಟು ಲಾಭ ಬದಲಾಗುವುದಾದರೂ ಹೇಗೆ? ಪದ್ಧತಿ ಮಾಡುವುದು ಇಷ್ಟೇ: ಲಾಭವನ್ನು ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಸರಿಸುತ್ತದೆ.

ಹಾಗಾದರೆ ಆ ಮಾತಿನಲ್ಲಿ ಸತ್ಯವೇ ಇಲ್ಲವೇ? ಸ್ವಲ್ಪ ಇದೆ. ತೆರಿಗೆ ಒಂದು ವರ್ಷ ತಡವಾಗಿ ಕಟ್ಟಿದರೆ ಅಷ್ಟು ದಿನ ಹಣ ನಿಮ್ಮ ಕೈಯಲ್ಲಿರುತ್ತದೆ. ದರ ಪ್ರತಿ ವರ್ಷ ಏರುತ್ತಲೇ ಹೋಗಿ, ದಾಸ್ತಾನೂ ಹಾಗೇ ಉಳಿಯುತ್ತ ಬಂದರೆ ಈ ಮುಂದೂಡಿಕೆಯೂ ಸಾಗುತ್ತದೆ. ಆದರೆ ದರ ಇಳಿದ ಅಥವಾ ಗೋದಾಮು ಖಾಲಿಯಾದ ವರ್ಷ ಆ ಬಾಕಿ ಲಾಭ ಲೆಕ್ಕಕ್ಕೆ ಬಂದೇ ಬರುತ್ತದೆ. ಆ ವರ್ಷ ನಿಮ್ಮ ಆದಾಯ ಹೆಚ್ಚಿನ ತೆರಿಗೆ ದರದ ಹಂತದಲ್ಲಿದ್ದರೆ ಉಳಿಸಿದ್ದಕ್ಕಿಂತ ಹೆಚ್ಚು ಕಟ್ಟಬೇಕಾಗಬಹುದು.

ದರ ಬಿದ್ದ ವರ್ಷ ಏನಾಗುತ್ತದೆ?

ಅದೇ ಖರೀದಿಗಳನ್ನು ತಿರುಗಿಸಿ ನೋಡಿ. ಮೊದಲು 5,600ಕ್ಕೆ 40 ಕ್ವಿಂಟಲ್, ಆಮೇಲೆ 5,400ಕ್ಕೆ 40, ಆವಕ ಹೆಚ್ಚಾಗಿ ದರ ಬಿದ್ದಾಗ 5,000ಕ್ಕೆ 20 ಕ್ವಿಂಟಲ್. ಉಳಿದದ್ದು ಅದೇ 30 ಕ್ವಿಂಟಲ್. ಫಿಫೊದಂತೆ ಇದರಲ್ಲಿ 20 ಕ್ವಿಂಟಲ್‌ಗೆ 5,000 ಮತ್ತು 10 ಕ್ವಿಂಟಲ್‌ಗೆ 5,400, ಒಟ್ಟು 1,54,000. ಸರಾಸರಿಯಂತೆ ಮತ್ತೆ 1,62,000. ಈಗ ಲಾಭ ಕಡಿಮೆ ತೋರಿಸುವುದು ಫಿಫೊ! "ಫಿಫೊ ಎಂದರೆ ತೆರಿಗೆ ಜಾಸ್ತಿ" ಎಂಬ ಮಾತು ದರ ಇಳಿಯುವ ವರ್ಷ ಪೂರ್ತಿ ಉಲ್ಟಾ.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ದಾಸ್ತಾನಿಗೆ ಅಸಲು ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಸಿಗುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಾಕಬೇಕು ಎಂಬುದು ನಿಯಮ. ಮಾರ್ಚ್ 31ಕ್ಕೆ ಕಡಲೆ 5,200ಕ್ಕೆ ಹೋಗುವಂತಿದೆ, ಹುಬ್ಬಳ್ಳಿಗೆ ಸಾಗಿಸಿ ಮಾರುವ ಖರ್ಚು ಕ್ವಿಂಟಲ್‌ಗೆ 100 ರೂಪಾಯಿ ಎಂದರೆ ಕೈಗೆ ಸಿಗುವುದು 5,100. 30 ಕ್ವಿಂಟಲ್‌ಗೆ 1,53,000. ಇದು ಫಿಫೊದ 1,54,000ಕ್ಕಿಂತಲೂ ಕಡಿಮೆ, ಸರಾಸರಿಯ 1,62,000ಕ್ಕಿಂತಲೂ ಕಡಿಮೆ. ಆದ್ದರಿಂದ ಯಾವ ಪದ್ಧತಿ ಹಿಡಿದರೂ ಪುಸ್ತಕದಲ್ಲಿ ಬರೆಯುವುದು 1,53,000ವೇ. ದರ ಚೆನ್ನಾಗಿ ಬಿದ್ದಾಗ ಎರಡು ಪದ್ಧತಿಗಳ ನಡುವಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ.

"ಪ್ರತಿ ವರ್ಷ ಲಾಭವಾಗುವ ಪದ್ಧತಿ ಆರಿಸಿಕೊಳ್ಳಬಹುದು." ನಿಜವೇ?

ಇಲ್ಲ. ಆದಾಯ ತೆರಿಗೆ ಇಲಾಖೆಯ ದಾಸ್ತಾನು ಮೌಲ್ಯಮಾಪನ ಮಾನದಂಡವಾದ ಐಸಿಡಿಎಸ್-2, ಒಂದೇ ಬಗೆಯ, ಒಂದರ ಬದಲು ಇನ್ನೊಂದು ಕೊಡಬಹುದಾದ ಮಾಲಿಗೆ ಫಿಫೊ ಮತ್ತು ತೂಕಿತ ಸರಾಸರಿ ಎರಡನ್ನೂ ಒಪ್ಪುತ್ತದೆ. ಆದರೆ ಹಿಡಿದ ಪದ್ಧತಿಯನ್ನು ಸಕಾರಣವಿಲ್ಲದೆ ಬದಲಿಸುವಂತಿಲ್ಲ. ತೆರಿಗೆ ಕಡಿಮೆ ಬರಲಿ ಎಂಬುದು ಸಕಾರಣವಾಗುವುದಿಲ್ಲ. ಲೆಕ್ಕ ಪರಿಶೋಧನೆ ಕಡ್ಡಾಯವಿಲ್ಲದ ಒಬ್ಬಂಟಿ ವ್ಯಾಪಾರಿಗೆ ಐಸಿಡಿಎಸ್ ಅನ್ವಯಿಸುವುದಿಲ್ಲ. ಆದರೂ ಒಂದೇ ಪದ್ಧತಿಯನ್ನು ಸತತವಾಗಿ ಪಾಲಿಸಬೇಕು ಎಂಬುದು ಅವರಿಗೂ ತಪ್ಪಿದ್ದಲ್ಲ.

ಕೊನೆಗೆ ಬಂದದ್ದು ಮೊದಲು ಹೊರಗೆ ಎನ್ನುವ ಲಿಫೊ ಪದ್ಧತಿ ಮಾತ್ರ ಇಲ್ಲಿ ನಡೆಯುವುದಿಲ್ಲ. ಟ್ಯಾಲಿಯಲ್ಲಿ `Avg. Cost`, `FIFO` ಜೊತೆಗೆ `LIFO Annual` ಕೂಡ ಕಾಣುತ್ತದೆ. ಸಾಫ್ಟ್‌ವೇರ್‌ನಲ್ಲಿ ಆಯ್ಕೆ ಇದೆ ಎಂದ ಮಾತ್ರಕ್ಕೆ ಅದು ತೆರಿಗೆಗೆ ಒಪ್ಪಿಗೆ ಎಂದಲ್ಲ.

"ಫಿಫೊ ಎಂದರೆ ಹಳೆ ಚೀಲವನ್ನೇ ಮೊದಲು ಮಾರಬೇಕು." ಇದೂ ತಪ್ಪು

ಗೋದಾಮಿನಲ್ಲಿ ಚೀಲಗಳನ್ನು ಒಂದರ ಮೇಲೊಂದು ಪೇರಿಸಿದಾಗ ಮೊದಲು ಕೈಗೆ ಸಿಗುವುದು ಕೊನೆಗೆ ಬಂದ ಚೀಲ. ನುಸಿ ಹತ್ತೀತೆಂದು ಹಳೆ ಕಡಲೆಯನ್ನು ಮೊದಲು ಸಾಗಿಸುವುದು ಜಾಣತನ, ಆದರೆ ಅದು ಮಾಲು ಕಾಯುವ ವಿಷಯ. ಫಿಫೊ ಕಾಗದದ ಮೇಲೆ ಹಣದ ಸರದಿ ಹೇಳುತ್ತದೆ, ಚೀಲದ ಸರದಿಯನ್ನಲ್ಲ.

ಎಲ್ಲಿ ತಪ್ಪುತ್ತದೆ, ಹೇಗೆ ಪತ್ತೆ ಹಚ್ಚುವುದು?

ಬಹಳ ಜನ ಮಾಡುವ ತಪ್ಪು, ಮೂರು ದರಗಳನ್ನು ಕೂಡಿಸಿ ಮೂರರಿಂದ ಭಾಗಿಸುವುದು. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದರೆ ಸುಮಾರು 5,333 ಬರುತ್ತದೆ. 20 ಕ್ವಿಂಟಲ್ ಕೊಂಡ ದರಕ್ಕೂ 40 ಕ್ವಿಂಟಲ್ ಕೊಂಡ ದರಕ್ಕೂ ಒಂದೇ ತೂಕ ಕೊಟ್ಟಂತಾಯಿತು. ಇದನ್ನು ಹಿಡಿಯಲು ಸುಲಭ ಪರೀಕ್ಷೆ ಇದೆ: ನೀವು ಹಾಕಿದ ಸರಾಸರಿ ದರವನ್ನು ಒಟ್ಟು ತೂಕದಿಂದ ಗುಣಿಸಿ. ಒಟ್ಟು ಖರೀದಿಯ ಹಣವೇ ಬರಬೇಕು. 5,400ನ್ನು 100ರಿಂದ ಗುಣಿಸಿದರೆ 5,40,000 ಸರಿಯಾಗಿ ಬರುತ್ತದೆ. 5,333ನ್ನು ಗುಣಿಸಿದರೆ ಸುಮಾರು 6,700 ರೂಪಾಯಿ ಮಾಯ.

ಎರಡನೆಯ ತಪ್ಪು, ಕೊಂಡು ತಂದ ಮೇಲಿನ ಗೋದಾಮು ಬಾಡಿಗೆ, ಸಾಲದ ಬಡ್ಡಿಯನ್ನೂ ಅಸಲಿಗೆ ಸೇರಿಸುವುದು. ಸಾಮಾನ್ಯವಾಗಿ ಇವು ಆ ವರ್ಷದ ಖರ್ಚು, ದಾಸ್ತಾನಿನ ಬೆಲೆಯ ಭಾಗವಲ್ಲ. ಮಾಲು ಗೋದಾಮಿಗೆ ಬರುವವರೆಗಿನ ಗಾಡಿ ಬಾಡಿಗೆ, ಹಮಾಲಿ ಸೇರುತ್ತವೆ.

ಮೂರನೆಯದು ಎಲ್ಲಕ್ಕಿಂತ ದುಬಾರಿ ತಪ್ಪು. ಬ್ಯಾಂಕಿನ ಸಿ.ಸಿ. ಸಾಲಕ್ಕೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ದಾಸ್ತಾನು ದೊಡ್ಡದು, ತೆರಿಗೆ ರಿಟರ್ನ್‌ನಲ್ಲಿ ಚಿಕ್ಕದು. ಒಂದೇ ದಿನದ ಒಂದೇ ಗೋದಾಮಿಗೆ ಎರಡು ಅಂಕಿ ಇದ್ದರೆ ಹೆಚ್ಚಿನ ಮಾಲು ಯಾವ ಹಣದಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರ ಇಲ್ಲದಿದ್ದರೆ ಪದ್ಧತಿಯಿಂದ ಸರಿಸಿದ 6,000ಕ್ಕಿಂತ ಎಷ್ಟೋ ಪಟ್ಟು ನಷ್ಟ.

ಯಾರಿಗೆ ಈ ಲೆಕ್ಕ ಅಷ್ಟು ಮುಖ್ಯವಲ್ಲ?

ಆದಾಯ ತೆರಿಗೆ ಕಾಯ್ದೆಯ ಅಂದಾಜು ಲಾಭದ ವ್ಯವಸ್ಥೆಯಲ್ಲಿ ವಹಿವಾಟಿನ ಶೇ 8ರಷ್ಟನ್ನು, ಬ್ಯಾಂಕ್ ಅಥವಾ ಡಿಜಿಟಲ್ ಮೂಲಕ ಬಂದ ಹಣಕ್ಕೆ ಶೇ 6ರಷ್ಟನ್ನು, ಲಾಭವೆಂದು ತೋರಿಸಬಹುದು. ಹಾಗೆ ತೋರಿಸುವವರ ತೆರಿಗೆ ದಾಸ್ತಾನಿನ ಪದ್ಧತಿಯಿಂದ ಬದಲಾಗುವುದಿಲ್ಲ. ಅವರು ಸರಾಸರಿ ಹಾಕಿ "ಉಳಿಸುವುದು" ಏನೂ ಇಲ್ಲ. ಆದರೆ ಕಮಿಷನ್ ಮೇಲೆ ದುಡಿಯುವ ದಲಾಲಿ ಅಂಗಡಿಯವರಿಗೆ ಈ ವ್ಯವಸ್ಥೆ ಇಲ್ಲ. ಹಾಗೆಯೇ ರೈತರು ಮಾರಾಟಕ್ಕೆಂದು ಅವರ ಅಂಗಡಿಯಲ್ಲಿ ಇಳಿಸಿದ ಚೀಲಗಳು ರೈತರ ಮಾಲು, ಅವು ದಲಾಲರ ದಾಸ್ತಾನಿಗೆ ಸೇರುವುದೇ ಇಲ್ಲ.

ಒಟ್ಟಿನಲ್ಲಿ

ಹೇಳಿಕೆ: ಸರಾಸರಿ ದರ ಹಾಕಿದರೆ ತೆರಿಗೆ ಉಳಿಯುತ್ತದೆ.

ವಾಸ್ತವ: ಅರ್ಧಸತ್ಯ. ದರ ಏರುವಾಗ ಲಾಭ ಮುಂದಿನ ವರ್ಷಕ್ಕೆ ಸರಿಯುತ್ತದೆ, ಇಳಿಯುವಾಗ ಲೆಕ್ಕ ಉಲ್ಟಾ ಆಗುತ್ತದೆ, ಮಾರುಕಟ್ಟೆ ಬೆಲೆ ಅಸಲಿಗಿಂತ ಕೆಳಗೆ ಹೋದರೆ ಎರಡೂ ಒಂದೇ. ಪದ್ಧತಿ ಯಾವುದೇ ಇರಲಿ, ಮಾರ್ಚ್ 31ರ ಸಂಜೆ ಚೀಲ ಎಣಿಸಿ, ತೂಕ ಬರೆದು, ಖರೀದಿ ಚೀಟಿಗಳನ್ನು ಜೊತೆಗಿಟ್ಟುಕೊಳ್ಳಿ. ತೂಕವೇ ತಪ್ಪಿದ್ದರೆ ಯಾವ ದರ ಹಾಕಿದರೂ ಲೆಕ್ಕ ತಪ್ಪೇ.