ಸೇಲ್‌ಗೆ 3, ಸೋಪಿನ ಕಂಪನಿಗೆ 55: ಪಿ/ಇ ಅನುಪಾತ ಏನು ಹೇಳುತ್ತೆ, ಏನು ಹೇಳಲ್ಲ

ಸಾರ್ವಜನಿಕ ಉದ್ದಿಮೆಗಳ ಚರ್ಚೆ ಎಲ್ಲಿ ಶುರುವಾದರೂ ಸ್ವಲ್ಪ ಹೊತ್ತಿಗೆ ಒಂದು ಸಂಖ್ಯೆ ಬಂದೇ ಬರುತ್ತೆ. ಅದೇ ಪಿ/ಇ. ಖಾಸಗೀಕರಣದ ಪರ ಇರುವವರು, 'ನೋಡಿ, ಸರ್ಕಾರಿ ಕಂಪನಿಗಳ ಪಿ/ಇ ಎಷ್ಟು ಕಡಿಮೆ, ಮಾರುಕಟ್ಟೆಗೇ ಇವುಗಳ ಮೇಲೆ ನಂಬಿಕೆ ಇಲ್ಲ' ಅಂತಾರೆ. ವಿರೋಧಿಸುವವರು ಅದೇ ಸಂಖ್ಯೆ ತೋರಿಸಿ, 'ಇಷ್ಟು ಅಗ್ಗಕ್ಕೆ ಜನರ ಆಸ್ತಿ ಮಾರ್ತಿದಾರೆ' ಅಂತಾರೆ. ಒಂದೇ ಸಂಖ್ಯೆ ಎರಡು ವಿರುದ್ಧ ವಾದಗಳಿಗೆ ಸಾಕ್ಷಿ ಆಗುತ್ತಿದೆ ಅಂದ್ರೆ, ಆ ಸಂಖ್ಯೆ ನಿಜಕ್ಕೂ ಏನನ್ನು ಅಳೆಯುತ್ತೆ ಅಂತ ಮೊದಲು ನೋಡಬೇಕು.

ಪಿ/ಇ ಅಂದ್ರೆ ಏನು

ಲೆಕ್ಕ ಸರಳ:

```
ಪಿ/ಇ = ಒಂದು ಷೇರಿನ ಬೆಲೆ ÷ ಒಂದು ಷೇರಿನ ಪಾಲಿಗೆ ಬರುವ ವಾರ್ಷಿಕ ನಿವ್ವಳ ಲಾಭ
```

ಎಂಜಿನಿಯರಿಂಗ್ ಓದಿದ ನನಗೆ ಯಾವ ಸೂತ್ರ ನೋಡಿದರೂ ಅದರ ಯೂನಿಟ್ ಏನು ಅಂತ ಹುಡುಕುವ ಅಭ್ಯಾಸ. ಇಲ್ಲಿ ಮೇಲೆ ಇರುವುದು ರೂಪಾಯಿ, ಕೆಳಗೆ ಇರುವುದು ವರ್ಷಕ್ಕೆ ಇಷ್ಟು ರೂಪಾಯಿ. ಭಾಗಿಸಿದರೆ ಉಳಿಯುವುದು ವರ್ಷ. ಅಂದ್ರೆ ಲಾಭ ಹೀಗೇ ಇದ್ದರೆ, ಕೊಟ್ಟ ಬೆಲೆಯಷ್ಟು ಲಾಭ ಸಂಪಾದಿಸಲು ಕಂಪನಿಗೆ ಎಷ್ಟು ವರ್ಷ ಬೇಕು ಅನ್ನುವುದೇ ಪಿ/ಇ. ಎಡವಟ್ಟು ಇರುವುದು 'ಲಾಭ ಹೀಗೇ ಇದ್ದರೆ' ಅನ್ನುವ ಮಾತಿನಲ್ಲಿ. ಲಾಭ ಹೀಗೇ ಇರುತ್ತೋ ಇಲ್ಲವೋ ಅನ್ನುವುದು ಉದ್ಯಮದಿಂದ ಉದ್ಯಮಕ್ಕೆ ಬದಲಾಗುತ್ತೆ.

2022ರ ಮಾರ್ಚ್‌ನ ಒಂದು ಹೋಲಿಕೆ

ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಒಡೆತನ ಇರುವ ಸರ್ಕಾರಿ ಕಂಪನಿ ಸೇಲ್ 2021-22ರಲ್ಲಿ 12,015 ಕೋಟಿ ರೂಪಾಯಿ ಲಾಭ ಮಾಡಿತು. ಲಕ್ಸ್, ಸರ್ಫ್, ರೆಡ್ ಲೇಬಲ್ ಮಾರುವ ಹಿಂದೂಸ್ತಾನ್ ಯೂನಿಲಿವರ್‌ನ ಲಾಭ ಅದೇ ವರ್ಷ 8,818 ಕೋಟಿ. ಉಕ್ಕಿನ ಕಂಪನಿಯೇ ಹೆಚ್ಚು ಗಳಿಸಿದೆ.

ಸೇಲ್‌ನ ಷೇರುಗಳು ಸುಮಾರು 413 ಕೋಟಿ. ಹಾಗಾಗಿ ಷೇರಿಗೆ 29 ರೂಪಾಯಿ ಲಾಭ. ಆ ಮಾರ್ಚ್ ಕೊನೆಗೆ ಷೇರಿನ ಬೆಲೆ 100 ರೂಪಾಯಿ ಆಸುಪಾಸು. ಪಿ/ಇ ಸುಮಾರು 3.4. ಯೂನಿಲಿವರ್‌ನ ಷೇರುಗಳು ಸುಮಾರು 235 ಕೋಟಿ, ಷೇರಿಗೆ 37.5 ರೂಪಾಯಿ ಲಾಭ, ಬೆಲೆ 2,050 ಆಸುಪಾಸು. ಪಿ/ಇ ಸುಮಾರು 55. ಹೆಚ್ಚು ಲಾಭ ಮಾಡಿದ ಸೇಲ್‌ಗಿಂತ ಕಡಿಮೆ ಲಾಭ ಮಾಡಿದ ಯೂನಿಲಿವರ್‌ಗೆ ಮಾರುಕಟ್ಟೆ ಒಟ್ಟಾರೆ ಹನ್ನೊಂದು-ಹನ್ನೆರಡು ಪಟ್ಟು ಬೆಲೆ ಕಟ್ಟಿತ್ತು.

ಇದನ್ನಷ್ಟೇ ನೋಡಿದರೆ ಅನ್ಯಾಯ ಅನ್ನಿಸುವುದು ಸಹಜ. ಮುಂದಿನ ವರ್ಷ ಏನಾಯ್ತು ನೋಡಿ.

ಮಾರಾಟ ಅಷ್ಟೇ, ಲಾಭ ಆರರಲ್ಲಿ ಒಂದು ಪಾಲು

2022-23ರಲ್ಲಿ ಸೇಲ್‌ನ ಲಾಭ 1,903 ಕೋಟಿಗೆ ಇಳಿಯಿತು. ಮಾರಾಟ ಕುಸಿದಿರಲಿಲ್ಲ, ಎರಡೂ ವರ್ಷ ವಹಿವಾಟು ಒಂದು ಲಕ್ಷ ಕೋಟಿಯ ಮೇಲೇ ಇತ್ತು. ಕುಸಿದದ್ದು ಬೆಲೆ ಮತ್ತು ಖರ್ಚಿನ ನಡುವಿನ ಅಂತರ. ಉಕ್ರೇನ್ ಯುದ್ಧದ ನಂತರ ಕೋಕಿಂಗ್ ಕಲ್ಲಿದ್ದಲಿನ ಬೆಲೆ ಏರಿತು. ಸೇಲ್‌ಗೆ ಬೇಕಾದ ಈ ಕಲ್ಲಿದ್ದಲಿನ ಬಹುಪಾಲು ಹೊರದೇಶದಿಂದ ಬರುತ್ತೆ. 2022ರ ಮೇನಲ್ಲಿ ಕೇಂದ್ರ ಸರ್ಕಾರ ಹಲವು ಉಕ್ಕಿನ ಉತ್ಪನ್ನಗಳ ಮೇಲೆ ಶೇ 15ರಷ್ಟು ರಫ್ತು ಸುಂಕ ಹಾಕಿತು, ನವೆಂಬರ್‌ನಲ್ಲಿ ತೆಗೆಯಿತು. ಈ ನಡುವೆ ದೇಶದೊಳಗೆ ಉಕ್ಕಿನ ಬೆಲೆ ಇಳಿಯಿತು. ಆದರೆ ಸಂಬಳ, ಬಡ್ಡಿ, ಕುಲುಮೆಗಳ ಸವಕಳಿ ಇವು ಬೆಲೆ ಇಳಿಯಿತು ಅಂತ ಇಳಿಯಲ್ಲ. ಹಾಗಾಗಿ ಟನ್ನಿನ ಬೆಲೆಯಲ್ಲಿ ಆಗುವ ಸಣ್ಣ ಏರಿಳಿತ ಲಾಭದಲ್ಲಿ ದೊಡ್ಡ ಏರಿಳಿತ ಆಗುತ್ತೆ. ಅತ್ತ ಯೂನಿಲಿವರ್‌ನ ಲಾಭ ಅದೇ ವರ್ಷ 9,962 ಕೋಟಿಗೆ ಏರಿತು. ಉಕ್ಕಿನ ಬೆಲೆ ಬಿತ್ತು ಅಂತ ಯಾರೂ ಸ್ನಾನ ಬಿಡಲ್ಲವಲ್ಲ.

ಈಗ ಸೇಲ್‌ನ ಪಿ/ಇ ಮತ್ತೆ ಲೆಕ್ಕ ಹಾಕಿ. 2023ರ ಮಾರ್ಚ್ ಕೊನೆಗೆ ಷೇರಿನ ಬೆಲೆ 83 ರೂಪಾಯಿ ಆಸುಪಾಸು, ಷೇರಿಗೆ ಲಾಭ 4.6 ರೂಪಾಯಿ. ಪಿ/ಇ 18. ಬೆಲೆ ಇಳಿದಿದೆ, ಪಿ/ಇ ಮಾತ್ರ ಐದು ಪಟ್ಟು ಏರಿದೆ! ಪಿ/ಇ ಕಡಿಮೆ ಇದ್ದರೆ ಅಗ್ಗ, ಜಾಸ್ತಿ ಇದ್ದರೆ ದುಬಾರಿ ಅನ್ನುವ ನಿಯಮ ಹಿಡಿದವರು 100 ರೂಪಾಯಿಗೆ ಕೊಂಡು 83ಕ್ಕೆ ದುಬಾರಿ ಅಂದಿರುತ್ತಾರೆ.

ಉಕ್ಕು, ಸಿಮೆಂಟ್, ಸಕ್ಕರೆ, ತೈಲ ಶುದ್ಧೀಕರಣದಂತಹ ಏರಿಳಿತದ ಉದ್ಯಮಗಳ ಗುಣವೇ ಇದು. ಲಾಭ ತುದಿಯಲ್ಲಿದ್ದಾಗ ಪಿ/ಇ ತೀರಾ ಕಡಿಮೆ, ಲಾಭ ತಳ ಕಂಡಾಗ ಜಾಸ್ತಿ. ಆಗಸ್ಟ್‌ನಲ್ಲಿ ಭದ್ರಾ ಜಲಾಶಯದ ಒಳಹರಿವು ಅಳೆದು, ಅದನ್ನೇ ಹನ್ನೆರಡರಿಂದ ಗುಣಿಸಿ ವರ್ಷದ ನೀರು ಇಷ್ಟು ಅಂತ ಯಾವ ರೈತನೂ ಲೆಕ್ಕ ಹಾಕಲ್ಲ. ತುದಿಯ ವರ್ಷದ ಪಿ/ಇ ಮಾಡುವುದು ಅದನ್ನೇ.

ಇದರ ರಾಜಕೀಯ ಪರಿಣಾಮವೂ ಇದೆ. 2023ರ ಜನವರಿಯಲ್ಲಿ ಭದ್ರಾವತಿ ಕಾರ್ಖಾನೆ ಮುಚ್ಚುವ ತೀರ್ಮಾನವನ್ನು ಸೇಲ್ ತೆಗೆದುಕೊಂಡಾಗ, ಕೈಗೆ ಸಿಗುತ್ತಿದ್ದ ಕೊನೆಯ ಪೂರ್ಣ ವರ್ಷದ ಲಾಭ ಅದೇ 12 ಸಾವಿರ ಕೋಟಿ. ಆದರೆ ಅಷ್ಟರಲ್ಲಿ ಕಂಪನಿ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ನಷ್ಟ ತೋರಿಸಿತ್ತು. ಭದ್ರಾವತಿ ಉಳಿಯಬೇಕು ಅನ್ನುವ ವಾದಕ್ಕೆ ಬೇರೆ ಗಟ್ಟಿ ಆಧಾರಗಳಿವೆ. ಒಂದು ವರ್ಷದ ಲಾಭದ ಮೇಲೆ ಅದನ್ನು ನಿಲ್ಲಿಸಿದರೆ ಮರುವರ್ಷವೇ ವಾದ ಬಿದ್ದುಹೋಗುತ್ತೆ.

ಲಾಭದಲ್ಲಿ ಕೈಗೆ ಬರುವುದೆಷ್ಟು

ಎರಡನೇ ವ್ಯತ್ಯಾಸ ಇನ್ನೂ ಆಳದ್ದು. 2021-22ರಲ್ಲಿ ಯೂನಿಲಿವರ್ ಷೇರಿಗೆ ಗಳಿಸಿದ 37.5 ರೂಪಾಯಿಯಲ್ಲಿ 34 ರೂಪಾಯಿಯನ್ನು ಲಾಭಾಂಶವಾಗಿ ಹಂಚಿತು. ಸೇಲ್ 29 ರೂಪಾಯಿಯಲ್ಲಿ ಹಂಚಿದ್ದು 8.75. ಇದು ಜಿಪುಣತನ ಅಲ್ಲ. ಸೋಪಿನ ವ್ಯಾಪಾರ ಬೆಳೆಯಲು ದೊಡ್ಡ ಬಂಡವಾಳ ಬೇಡ. ಉಕ್ಕಿನಲ್ಲಿ ಕುಲುಮೆ ದುರಸ್ತಿ, ಗಣಿ, ಹೊಸ ಘಟಕ, ಹಳೆಯ ಸಾಲ ಎಲ್ಲದಕ್ಕೂ ಲಾಭದಿಂದಲೇ ದುಡ್ಡು ತೆಗೆಯಬೇಕು. ಪುಸ್ತಕದಲ್ಲಿ ಇಬ್ಬರ ಒಂದು ರೂಪಾಯಿ ಲಾಭ ಒಂದೇ ಥರ ಕಂಡರೂ, ಷೇರುದಾರನಿಗೆ ಒಂದು ಕಡೆ 90 ಪೈಸೆ ಬರುತ್ತೆ, ಇನ್ನೊಂದು ಕಡೆ 30 ಪೈಸೆ.

ಲಾಭಾಂಶ ಒಂದೇ ದರದಲ್ಲಿ ಬೆಳೆಯುತ್ತಾ ಹೋಗುತ್ತೆ ಅಂದುಕೊಂಡರೆ ಪಿ/ಇಗೆ ಒಂದು ಸರಳ ಸೂತ್ರ ಇದೆ:

```
ಪಿ/ಇ = ಹಂಚುವ ಪಾಲು ÷ (ಹೂಡಿಕೆದಾರ ಬಯಸುವ ಪ್ರತಿಫಲ − ಬೆಳವಣಿಗೆ ದರ)
```

ಹೂಡಿಕೆದಾರ ಶೇ 12 ಬಯಸುತ್ತಾನೆ, ಯೂನಿಲಿವರ್ ಶೇ 10.4ರಷ್ಟು ಬೆಳೆಯುತ್ತಾ ಹೋಗುತ್ತೆ ಅಂತ ಇಟ್ಟುಕೊಳ್ಳಿ. ಅಂತರ ಶೇ 1.6. 0.9 ಅನ್ನು 0.016ರಿಂದ ಭಾಗಿಸಿದರೆ ಸುಮಾರು 56. ಬೆಳವಣಿಗೆ, ಪ್ರತಿಫಲ ಎರಡನ್ನೂ ಹಾಗೇ ಇಟ್ಟು ಹಂಚುವ ಪಾಲನ್ನು 0.3 ಮಾಡಿದರೆ ಪಿ/ಇ 19ಕ್ಕೆ ಇಳಿಯುತ್ತೆ. ಆಡಳಿತ ಕೆಟ್ಟದ್ದಾಗಿರಬೇಕಿಲ್ಲ, ಮಾಲೀಕ ಸರ್ಕಾರ ಆಗಿರಬೇಕಿಲ್ಲ. ಉದ್ಯಮದ ಸ್ವಭಾವವೇ ಪಿ/ಇಯನ್ನು ಮೂರರಲ್ಲಿ ಒಂದು ಪಾಲಿಗೆ ತರುತ್ತೆ.

ಇದೇ ಸೂತ್ರ ಹೆಚ್ಚು ಪಿ/ಇ ಇರುವ ಕಂಪನಿಯ ಅಪಾಯವನ್ನೂ ತೋರಿಸುತ್ತೆ. ಬೆಳವಣಿಗೆಯ ನಿರೀಕ್ಷೆ ಶೇ 10.4ರಿಂದ 9.4ಕ್ಕೆ ಇಳಿದರೆ ಸಾಕು, 56 ಇದ್ದದ್ದು 35ಕ್ಕೆ ಬರುತ್ತೆ. ಒಳ್ಳೆಯ ಕಂಪನಿ ಅನ್ನುವುದೂ ಒಳ್ಳೆಯ ಬೆಲೆ ಅನ್ನುವುದೂ ಬೇರೆ ಬೇರೆ.

ಹಾಗಾದ್ರೆ ಸರ್ಕಾರಿ ಒಡೆತನದ ಪರಿಣಾಮವನ್ನು ಅಳೆಯೋದು ಹೇಗೆ?

ಉದ್ಯಮವನ್ನು ಒಂದೇ ಇಟ್ಟು ಒಡೆತನವನ್ನು ಬದಲಿಸಿ ನೋಡಬೇಕು. ಅದೇ 2021-22ರ ಲಾಭ, ಅದೇ ಮಾರ್ಚ್ ಕೊನೆಯ ಬೆಲೆ ಹಿಡಿದರೆ ಟಾಟಾ ಸ್ಟೀಲ್‌ನ ಪಿ/ಇ 4ರ ಆಸುಪಾಸು. ತೋರಣಗಲ್ಲಿನಲ್ಲಿ ದೊಡ್ಡ ಕಾರ್ಖಾನೆ ಇರುವ ಜೆಎಸ್‌ಡಬ್ಲ್ಯೂ ಸ್ಟೀಲ್‌ನದು ಸುಮಾರು 8.5. ಈ ಎರಡರದ್ದು ಅಂಗಸಂಸ್ಥೆಗಳನ್ನೂ ಸೇರಿಸಿದ ಲೆಕ್ಕ. ಸೇಲ್‌ಗೆ ಹಾಗೆ ಸೇರಿಸಿದರೂ ದೊಡ್ಡ ವ್ಯತ್ಯಾಸ ಆಗಲ್ಲ.

ಈಗ ಚಿತ್ರ ಬದಲಾಯ್ತು. ಸೇಲ್‌ನ 3.4ಕ್ಕೂ ಟಾಟಾದ 4ಕ್ಕೂ ಸಣ್ಣ ಅಂತರ. 3.4ಕ್ಕೂ 55ಕ್ಕೂ ನಡುವೆ ಕಂಡ ಕಂದಕದ ಬಹುಪಾಲು ಉಕ್ಕಿಗೂ ಸೋಪಿಗೂ ಇರುವ ವ್ಯತ್ಯಾಸ, ಸರ್ಕಾರಕ್ಕೂ ಖಾಸಗಿಗೂ ಇರುವುದಲ್ಲ. ಉಳಿಯುವ ನಿಜವಾದ ಪ್ರಶ್ನೆ: ಜೆಎಸ್‌ಡಬ್ಲ್ಯೂಗೆ ಯಾಕೆ ದುಪ್ಪಟ್ಟು? ಉತ್ಪಾದನಾ ಸಾಮರ್ಥ್ಯ ಹೆಚ್ಚಿಸುವ ವೇಗ, ಟನ್ನಿಗೆ ತಗಲುವ ಖರ್ಚು ಇವುಗಳಲ್ಲಿ ಉತ್ತರ ಹುಡುಕಬಹುದು. ಒಡೆತನ, ಆಡಳಿತದ ಬಗ್ಗೆ ಜಗಳ ಆಡುವುದಿದ್ದರೆ ಅಲ್ಲಿ ಆಡಬೇಕು.

ಸರಾಸರಿ ತೆಗೆದರೆ ಸಾಕಾ?

ಒಂದು ವರ್ಷದ ಲಾಭದ ಬದಲು ಹಲವು ವರ್ಷದ ಸರಾಸರಿ ಬಳಸುವುದು ಹಳೆಯ ಮದ್ದು. ರಾಬರ್ಟ್ ಶಿಲ್ಲರ್ ಜನಪ್ರಿಯಗೊಳಿಸಿದ ಅನುಪಾತ ಹಣದುಬ್ಬರ ಕಳೆದ ಹತ್ತು ವರ್ಷದ ಸರಾಸರಿ ಹಿಡಿಯುತ್ತೆ. ಸೇಲ್ ಮೇಲೆ ಇದನ್ನು ಪ್ರಯೋಗಿಸೋಣ, ಹಣದುಬ್ಬರ ಬಿಟ್ಟು. 2017-18ರಿಂದ 2021-22ರವರೆಗೆ ಕ್ರಮವಾಗಿ 482 ಕೋಟಿ ನಷ್ಟ, ನಂತರ 2,179, 2,022, 3,850 ಮತ್ತು 12,015 ಕೋಟಿ ಲಾಭ. ಸರಾಸರಿ ವರ್ಷಕ್ಕೆ ಸುಮಾರು 3,900 ಕೋಟಿ, ಷೇರಿಗೆ 9.5 ರೂಪಾಯಿ. 100 ರೂಪಾಯಿ ಬೆಲೆಗೆ ಪಿ/ಇ 3.4 ಅಲ್ಲ, 10.5.

ಆದರೆ ಇನ್ನೆರಡು ವರ್ಷ ಹಿಂದಕ್ಕೆ ಹೋದರೆ ಸುಮಾರು 4,000 ಕೋಟಿ ಮತ್ತು 2,800 ಕೋಟಿಯ ನಷ್ಟಗಳು ಸೇರಿಕೊಳ್ಳುತ್ತವೆ. ಆಗ ಪಿ/ಇ 22ರ ಮೇಲೆ ಹೋಗುತ್ತೆ! ಅದೇ ಕಂಪನಿ, ಅದೇ ದಿನ, ಅದೇ ಬೆಲೆ, 3.4, 10.5, 22. ಎಷ್ಟು ವರ್ಷ ಹಿಡಿಯಬೇಕು ಅನ್ನುವುದನ್ನು ಹಿಡಿಯುವವರೇ ಆರಿಸುತ್ತಾರೆ. ಆ ಉದ್ಯಮದ ಒಂದು ಪೂರ್ತಿ ಏರಿಳಿತ ಒಳಗೆ ಬಂದಿದೆಯಾ ಅಂತ ಕೇಳುವುದು ಓದುವ ನಮ್ಮ ಕೆಲಸ. ಈ ಏಳು ವರ್ಷದಲ್ಲಿ ತಳವೂ ಇದೆ, ತುದಿಯೂ ಇದೆ. ಐದು ವರ್ಷದ ಲೆಕ್ಕದಲ್ಲಿ ತಳದ ದೊಡ್ಡ ಭಾಗ ಬಿಟ್ಟುಹೋಗಿದೆ.

ಬ್ಯಾಂಕುಗಳಿಗೆ ಇದೂ ಸಾಲದು. ವಸೂಲಾಗದ ಸಾಲಕ್ಕೆ ಈ ವರ್ಷ ಎಷ್ಟು ತೆಗೆದಿಟ್ಟರು ಅನ್ನುವುದರ ಮೇಲೆ ಲಾಭವೇ ಮೇಲೆ ಕೆಳಗೆ ಆಗುವುದರಿಂದ, ಅಲ್ಲಿ ಷೇರಿನ ಬೆಲೆಯನ್ನು ಪುಸ್ತಕ ಮೌಲ್ಯದ ಜೊತೆ ಹೋಲಿಸುವುದು ರೂಢಿ. ನಷ್ಟದಲ್ಲಿರುವ ಕಂಪನಿಗಂತೂ ಪಿ/ಇಗೆ ಅರ್ಥವೇ ಇಲ್ಲ.

ಕೊನೆಗೆ ಫಲಿತಾಂಶ ಏನಾಯ್ತು? 2025ರ ಮಾರ್ಚ್ ಕೊನೆಗೆ ಸೇಲ್ ಷೇರು ಸುಮಾರು 115, ಯೂನಿಲಿವರ್ ಸುಮಾರು 2,260. ಲಾಭಾಂಶ ಬಿಟ್ಟರೆ ಮೂರು ವರ್ಷದಲ್ಲಿ ಒಂದು ಶೇ 15ರಷ್ಟು, ಇನ್ನೊಂದು ಶೇ 10ರಷ್ಟು ಏರಿಕೆ. 3.4 ಅಂದ್ರೆ ಪುಕ್ಕಟೆ ಅಂದವರಿಗೂ 55 ಅಂದ್ರೆ ಗುಣಮಟ್ಟ ಅಂದವರಿಗೂ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ. ಇನ್ನೊಮ್ಮೆ ಯಾರಾದರೂ ಕಲ್ಲಿದ್ದಲು ಕಂಪನಿಯ ಪಿ/ಇಯನ್ನು ಸಾಫ್ಟ್‌ವೇರ್ ಕಂಪನಿಯ ಪಿ/ಇ ಪಕ್ಕ ಇಟ್ಟು ರಾಜಕೀಯ ತೀರ್ಪು ಕೊಟ್ಟರೆ, ಎರಡೇ ಪ್ರಶ್ನೆ ಕೇಳಿ: ಇದು ಯಾವ ವರ್ಷದ ಲಾಭ? ಅದೇ ಉದ್ಯಮದ ಖಾಸಗಿ ಕಂಪನಿಯ ಪಿ/ಇ ಎಷ್ಟು?